ಮೊಡವೆಗೆ ಗಂಧಕ, ಟೀ ಟ್ರೀ ಎಣ್ಣೆ: ಹೇಗೆ ಹಚ್ಚಬೇಕು, ಎಷ್ಟು ದಿನ ಕಾಯಬೇಕು, ಯಾವಾಗ ಬಿಡಬೇಕು

ನಮ್ಮ ಅಕ್ಕನ ಮಗಳು ಹಾಸ್ಟೆಲ್‌ನಿಂದ ರಜೆಗೆ ಬಂದಾಗ ಅವಳ ಕೆನ್ನೆ ಸುಟ್ಟ ಹಾಗಿತ್ತು. ಚರ್ಮ ಸಿಪ್ಪೆ ಏಳುತ್ತಿತ್ತು, ಮುಟ್ಟಿದರೆ ಉರಿ. "ಮಾವ, ಎಲ್ಲರೂ ಟೀ ಟ್ರೀ ಆಯಿಲ್ ಒಳ್ಳೇದು ಅಂದ್ರು, ಮೂರು ವಾರದಿಂದ ಹಚ್ತಾ ಇದೀನಿ" ಎಂದು ಬ್ಯಾಗಿನಿಂದ ಸೀಸೆ ತೆಗೆದು ತೋರಿಸಿದಳು. ಸೀಸೆಯಲ್ಲಿದ್ದದ್ದು ಅಪ್ಪಟ ಎಣ್ಣೆ. ಅದಕ್ಕೆ ಏನನ್ನೂ ಬೆರೆಸದೆ ಹತ್ತಿಯಲ್ಲಿ ಅದ್ದಿ ದಿನವೂ ಮೊಡವೆಯ ಮೇಲೆ ಇಟ್ಟುಕೊಂಡಿದ್ದಳು. ನಾನು ಔಷಧದ ಅಂಗಡಿ ನಡೆಸುವವನು. ಇಂಥ ಕೆನ್ನೆಗಳನ್ನು ಕೌಂಟರಿನ ಆಚೆ ಎಷ್ಟೋ ನೋಡಿದ್ದೇನೆ, ಮನೆಯಲ್ಲೇ ನೋಡಿದಾಗ ಸಂಕಟವಾಯಿತು. ಆಮೇಲಿನ ಆರೇಳು ತಿಂಗಳು ಅವಳ ಜೊತೆ ಕೂತು ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗಂಧಕವೂ ಟೀ ಟ್ರೀ ಎಣ್ಣೆಯೂ ಸುಳ್ಳು ಔಷಧಿಗಳಲ್ಲ. ಆದರೆ ಎರಡಕ್ಕೂ ಕೈಲಾಗುವ ಕೆಲಸ ಚಿಕ್ಕದು. ಹದವಾಗಿ ಹಚ್ಚಿ, ಎಣಿಸಿ ನೋಡಿ, ಸಾಲದಿದ್ದರೆ ತಡಮಾಡದೆ ಮುಂದಿನ ಔಷಧಿಗೆ ಹೋಗಬೇಕು. ಅವನ್ನೇ ನಂಬಿಕೊಂಡು ವರ್ಷ ಕಳೆದರೆ ಮೊಡವೆ ಹೋದರೂ ಗುಳಿ ಉಳಿಯುತ್ತದೆ.

ಮೊದಲು ನಿಮ್ಮ ಮೊಡವೆ ಯಾವ ಬಗೆಯದು ನೋಡಿ

ಬೆಳಗಿನ ಬೆಳಕಿನಲ್ಲಿ, ಕಿಟಕಿಯ ಪಕ್ಕ ಕನ್ನಡಿ ಹಿಡಿದು ನೋಡಿ. ಮುಚ್ಚಿಕೊಂಡ ರಂಧ್ರಗಳು ಒಂದು ಬಗೆ: ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಎಂದು ನಾವು ಕರೆಯುವಂಥವು. ಕೆಂಪಾಗಿ ಊದಿದವು, ತುದಿಯಲ್ಲಿ ಕೀವು ಕಟ್ಟಿದವು ಇನ್ನೊಂದು ಬಗೆ. ಚರ್ಮದ ಆಳದಲ್ಲಿ ಗೋಲಿಯಂತೆ ಕೈಗೆ ಸಿಗುವ, ನೋವಿರುವ ಗಂಟುಗಳು ಮೂರನೆಯ ಬಗೆ. ಗಂಧಕ, ಟೀ ಟ್ರೀ ಎರಡೂ ಮೊದಲ ಎರಡು ಬಗೆಗೆ ಮಾತ್ರ, ಅದೂ ಲೆಕ್ಕ ಕಡಿಮೆ ಇದ್ದಾಗ. ಗಂಟುಗಳಿದ್ದರೆ, ಈಗಾಗಲೇ ಗುಳಿ ಬೀಳುತ್ತಿದ್ದರೆ, ಮೊಡವೆಯ ಜೊತೆಗೆ ಮುಟ್ಟು ಏರುಪೇರಾಗಿ ಗಲ್ಲದ ಮೇಲೆ ಕೂದಲು ಹೆಚ್ಚುತ್ತಿದ್ದರೆ, ಈ ಲೇಖನ ಅಲ್ಲಿಗೇ ನಿಲ್ಲಿಸಿ ಚರ್ಮದ ಡಾಕ್ಟರ ಹತ್ತಿರ ಹೋಗಿ.

ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಎದ್ದು ತುರಿಕೆಯೂ ಇದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಬೆವರು ಹೆಚ್ಚಿರುವ ಕರಾವಳಿಯಂಥ ಕಡೆ ಯೀಸ್ಟ್‌ನಿಂದ ಕೂದಲ ಬುಡ ಊದಿಕೊಂಡು ಹೀಗಾಗುವುದುಂಟು. ಅದಕ್ಕೆ ಬೇಕಾದದ್ದು ಶಿಲೀಂಧ್ರದ ಔಷಧಿ.

ಇನ್ನೊಂದು ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ: ಮುಖ ಬೆಳ್ಳಗಾಗಲಿ ಎಂದು ಯಾವುದಾದರೂ ಕ್ರೀಮ್ ಹಚ್ಚುತ್ತಿದ್ದೀರಾ? ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್. ಮೊದಮೊದಲು ಮುಖ ನುಣುಪಾಗಿ ಕಾಣುತ್ತದೆ, ಆಮೇಲೆ ಅದೇ ಮೊಡವೆ ಎಬ್ಬಿಸುತ್ತದೆ, ಬಿಟ್ಟರೆ ಉರಿ ಬರುತ್ತದೆ. ಅಂಥ ಮುಖಕ್ಕೆ ಗಂಧಕ ಹಚ್ಚಿದರೆ ಉರಿಗೆ ತುಪ್ಪ ಸುರಿದಂತೆ. ಅದನ್ನು ಬಿಡಿಸುವ ಕೆಲಸ ಡಾಕ್ಟರದ್ದು.

ಎಣಿಸಿ ಬರೆದಿಡಿ

ಔಷಧಿ ಶುರುಮಾಡುವ ದಿನ ಎರಡು ಬಗೆಯನ್ನೂ ಬೇರೆಬೇರೆ ಎಣಿಸಿ ಬರೆದುಕೊಳ್ಳಿ. ಅದೇ ಕಿಟಕಿಯ ಬಳಿ ಮೂರು ಫೋಟೋ ತೆಗೆಯಿರಿ: ಎದುರು, ಎಡ, ಬಲ. ಹಳೆಯ ಕಲೆಗಳನ್ನು ಎಣಿಸಬೇಡಿ, ಅವು ಮಾಯಲು ತಿಂಗಳುಗಳು ಬೇಕು, ಅವನ್ನು ಸೇರಿಸಿಕೊಂಡರೆ ಯಾವ ಔಷಧಿಯೂ ಕೆಲಸ ಮಾಡುತ್ತಿಲ್ಲವೆಂದೇ ಅನ್ನಿಸುತ್ತದೆ. ನಾಲ್ಕು ವಾರಕ್ಕೊಮ್ಮೆ ಮತ್ತೆ ಎಣಿಸಿದರೆ ಸಾಕು. ದಿನವೂ ಎಣಿಸುವವರು ಹತ್ತು ದಿನಕ್ಕೇ ಔಷಧಿ ಬದಲಿಸುತ್ತಾರೆ.

ನಮ್ಮ ಹುಡುಗಿಗೆ ಮೊದಲು ಎರಡು ವಾರ ಏನನ್ನೂ ಹಚ್ಚಲು ಬಿಡಲಿಲ್ಲ. ಸುವಾಸನೆಯಿಲ್ಲದ ಮೆದು ಫೇಸ್‌ವಾಶ್ ದಿನಕ್ಕೆ ಎರಡು ಸಲ, ಮಾಯಿಶ್ಚರೈಸರ್, ಬೆಳಗ್ಗೆ ಸನ್‌ಸ್ಕ್ರೀನ್. ಅಷ್ಟೇ. ಹಣೆಗೆ ಇಳಿಯುವಷ್ಟು ಕೊಬ್ಬರಿ ಎಣ್ಣೆ ತಲೆಗೆ ಹಾಕಿಕೊಂಡು ಮಲಗುವುದನ್ನೂ ನಿಲ್ಲಿಸಿದೆವು, ಕೂದಲಂಚಿನ ಮೊಡವೆಗೆ ಅದೇ ಒಂದು ಕಾರಣವಾಗಿರುತ್ತದೆ. ಉರಿ ಇಳಿದ ಮೇಲೆ ಎಣಿಸಿದಾಗ ಮುಚ್ಚಿದ ರಂಧ್ರಗಳು 14, ಕೆಂಪು ಮತ್ತು ಕೀವಿನವು 13, ಒಟ್ಟು 27.

ಟೀ ಟ್ರೀ ಎಣ್ಣೆ: ಎಲ್ಲವೂ ಶೇಕಡಾ 5ರ ಲೆಕ್ಕ

ಇದು ನಾವು ಕುಡಿಯುವ ಚಹಾದ ಗಿಡದ್ದಲ್ಲ. ಆಸ್ಟ್ರೇಲಿಯಾದಲ್ಲಿ ಬೆಳೆಯುವ ಮೆಲಲ್ಯೂಕ ಎಂಬ ಮರದ ಎಲೆಯಿಂದ ಭಟ್ಟಿ ಇಳಿಸಿದ್ದು. ಅದರಲ್ಲಿ ಕೆಲಸ ಮಾಡುವ ಮುಖ್ಯ ಅಂಶ ಟರ್ಪಿನೆನ್-4-ಆಲ್. ಅದು ಮೊಡವೆಯ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಊತವನ್ನೂ ಒಂದಿಷ್ಟು ಇಳಿಸುತ್ತದೆ.

ಇದರ ಹೆಸರು ನಿಂತಿರುವುದು ಮುಖ್ಯವಾಗಿ 1990ರಲ್ಲಿ ಆಸ್ಟ್ರೇಲಿಯಾದಲ್ಲೇ ಪ್ರಕಟವಾದ ಒಂದು ಅಧ್ಯಯನದ ಮೇಲೆ. 124 ಜನರಲ್ಲಿ ಕೆಲವರಿಗೆ ಶೇಕಡಾ 5ರ ಟೀ ಟ್ರೀ ಜೆಲ್, ಉಳಿದವರಿಗೆ ಶೇಕಡಾ 5ರ ಬೆಂಜಾಯಿಲ್ ಪೆರಾಕ್ಸೈಡ್ ಲೋಶನ್ ಕೊಟ್ಟರು. ಎರಡೂ ಮೊಡವೆ ಇಳಿಸಿದವು. ಟೀ ಟ್ರೀ ನಿಧಾನ, ಆದರೆ ಉರಿ ಮತ್ತು ಒಣಗುವಿಕೆ ಅದರಲ್ಲಿ ಕಡಿಮೆ. 2007ರಲ್ಲಿ ಇರಾನಿನಲ್ಲಿ 60 ಜನರ ಮೇಲೆ ಇನ್ನೊಂದು ಅಧ್ಯಯನ ನಡೆಯಿತು, ಅಲ್ಲಿಯೂ ಶೇಕಡಾ 5ರ ಜೆಲ್, 45 ದಿನ. ಔಷಧಿಯಿಲ್ಲದ ಜೆಲ್‌ಗಿಂತ ಇದು ಸ್ಪಷ್ಟವಾಗಿ ಮೇಲೆ ಬಂತು. ಎರಡರಲ್ಲೂ ಇದ್ದದ್ದು ಶೇಕಡಾ 5 ಎಂಬುದನ್ನು ಗಮನಿಸಿ. ಸೀಸೆಯ ಅಪ್ಪಟ ಎಣ್ಣೆ ಅದಕ್ಕಿಂತ ಇಪ್ಪತ್ತು ಪಟ್ಟು ಗಟ್ಟಿ. ಇನ್ನೊಂದು ತುದಿಯಲ್ಲಿ, "ಟೀ ಟ್ರೀ" ಎಂದು ದೊಡ್ಡದಾಗಿ ಬರೆದ ಎಷ್ಟೋ ಫೇಸ್‌ವಾಶ್‌ಗಳಲ್ಲಿ ಎಷ್ಟಿದೆ ಎಂಬ ಅಂಕಿಯೇ ಇರುವುದಿಲ್ಲ. ಅದು ಅರ್ಧ ನಿಮಿಷದಲ್ಲಿ ತೊಳೆದು ಹೋಗುವ ವಸ್ತು ಬೇರೆ. ಅದರಿಂದ ಅಧ್ಯಯನದ ಫಲ ಬಯಸುವುದು ಸರಿಯಲ್ಲ.

ಶೇಕಡಾ 5 ಎಂದು ಬರೆದಿರುವ, ಹಚ್ಚಿ ಬಿಡುವ ಜೆಲ್ ಸಿಕ್ಕರೆ ಅದೇ ಉತ್ತಮ. ಸಿಗದೆ ಮನೆಯಲ್ಲೇ ಬೆರೆಸುವುದಾದರೆ ಹನಿ ಲೆಕ್ಕ ನಂಬಬೇಡಿ, ಒಂದೊಂದು ಸೀಸೆಯ ಹನಿ ಒಂದೊಂದು ಗಾತ್ರ. ಸೂಜಿಯಿಲ್ಲದ 1 ಮಿಲಿಯ ಸಿರಿಂಜ್ ತೆಗೆದುಕೊಳ್ಳಿ. 0.5 ಮಿಲಿ ಎಣ್ಣೆಯನ್ನು 9.5 ಮಿಲಿ ಸಾದಾ ಮಾಯಿಶ್ಚರೈಸರ್ ಕ್ರೀಮಿಗೆ ಹಾಕಿ ಚೆನ್ನಾಗಿ ಕಲಸಿ. ಅದು ಶೇಕಡಾ 5 ಆಯಿತು. ನೀರಿಗೆ ಅಥವಾ ಲೋಳೆಸರದ ರಸಕ್ಕೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತದೆ, ಬೆರೆತಂತೆ ಕಂಡರೂ ಒಂದು ಬೆರಳಿಗೆ ನೀರು, ಇನ್ನೊಂದು ಬೆರಳಿಗೆ ಅಪ್ಪಟ ಎಣ್ಣೆ ಬರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದರೆ ಅದೇ ರಂಧ್ರ ಮುಚ್ಚುತ್ತದೆ.

ಎಣ್ಣೆಯ ವಯಸ್ಸೂ ಮುಖ್ಯ. ಗಾಳಿ, ಬೆಳಕು, ಬಿಸಿ ತಾಗಿದರೆ ಅದು ಹಳಸಿ ಅಲರ್ಜಿ ತರುವ ಅಂಶಗಳು ಹೆಚ್ಚುತ್ತವೆ. ಗಾಢ ಬಣ್ಣದ ಗಾಜಿನ ಸೀಸೆಯನ್ನೇ ಕೊಳ್ಳಿ, ಮುಚ್ಚಳ ಬಿಗಿದು ತಂಪಿನಲ್ಲಿಡಿ, ತೆರೆದ ದಿನಾಂಕ ಬರೆದು ಆರು ತಿಂಗಳಿಗೆ ಎಸೆಯಿರಿ. ಹಾಸ್ಟೆಲ್ ಕಿಟಕಿಯಲ್ಲಿ ಬಿಸಿಲಿಗಿಟ್ಟ ಸೀಸೆ ನಮ್ಮ ಹುಡುಗಿಯದು. ಈ ಎಣ್ಣೆ ಹೊಟ್ಟೆಗೆ ಹೋದರೆ ವಿಷ, ಮಕ್ಕಳಿಗೂ ಮನೆಯ ಬೆಕ್ಕಿಗೂ ಸಿಗದ ಹಾಗಿಡಿ.

ಮುಖಕ್ಕೆ ಮೊದಲು ಕೈಯಲ್ಲಿ ಪರೀಕ್ಷೆ. ಮೊಣಕೈ ಒಳಮಡಿಕೆಯ ಹತ್ತಿರ ನಾಣ್ಯದಷ್ಟು ಜಾಗಕ್ಕೆ, ಹದ ಮಾಡಿದ್ದನ್ನೇ ಬೆಳಗ್ಗೆ ಸಂಜೆ ಏಳು ದಿನ ಹಚ್ಚಿ. ಒಂದೇ ಸಲ ಹಚ್ಚಿ ಅರ್ಧ ಗಂಟೆ ಕಾಯುವುದು ಪರೀಕ್ಷೆಯಲ್ಲ, ಅಲರ್ಜಿ ತೋರಲು ದಿನಗಳು ಬೇಕು. ಇಲ್ಲಿ ಎರಡು ವಿಷಯ ಬೇರೆಮಾಡಿ ನೋಡಬೇಕು. ಹಚ್ಚಿದ ಕೂಡಲೆ ಚುರುಗುಟ್ಟಿ ಸ್ವಲ್ಪ ಹೊತ್ತಿಗೆ ಇಳಿದರೆ ಅದು ಕೆರಳಿಕೆ, ಪ್ರಮಾಣ ಇಳಿಸಿ ನೋಡಬಹುದು. ಎರಡು ಮೂರು ದಿನ ಬಿಟ್ಟು ತುರಿಕೆ ಶುರುವಾಗಿ, ಸಣ್ಣ ಗುಳ್ಳೆ ಎದ್ದು, ಹಚ್ಚಿದ ಗೆರೆಯಾಚೆಗೂ ಹರಡಿದರೆ ಅದು ಅಲರ್ಜಿ. ಒಮ್ಮೆ ಬಂದ ಅಲರ್ಜಿ ಹೋಗುವುದಿಲ್ಲ. ಆ ಎಣ್ಣೆ ಇರುವ ಸೋಪು, ಶಾಂಪೂ, ಲೇಪ ಯಾವುದೂ ಮುಂದೆ ಬೇಡ. ನಮ್ಮ ಹುಡುಗಿಗೆ ಹೊಸ ಸೀಸೆಯಿಂದ ಬೆರೆಸಿದ ಶೇಕಡಾ 5ರಲ್ಲೂ ಐದನೆಯ ದಿನ ಕೈ ತುರಿಸತೊಡಗಿತು. ಟೀ ಟ್ರೀ ಅಧ್ಯಾಯ ಅಲ್ಲಿಗೆ ಮುಗಿಯಿತು.

ಪರೀಕ್ಷೆ ದಾಟಿದವರು ಮೊದಲ ವಾರ ರಾತ್ರಿ ಮಾತ್ರ, ಆಮೇಲೆ ದಿನಕ್ಕೆ ಎರಡು ಸಲ ಹಚ್ಚಬಹುದು. ಎದ್ದ ಗುಳ್ಳೆಗೆ ಮಾತ್ರ ಚುಕ್ಕಿ ಇಡಬೇಡಿ, ಮೊಡವೆ ಏಳುವ ಜಾಗಕ್ಕೆಲ್ಲ ತೆಳುವಾಗಿ ಸವರಿ. ಕಣ್ಣು, ಮೂಗಿನ ಹೊಳ್ಳೆ, ತುಟಿಯ ಅಂಚು ಬಿಡಿ.

ಗಂಧಕ: ಹಳೆಯ ಔಷಧಿ, ಹೊಸ ಕ್ರಮ

ಗಂಧಕ ಚರ್ಮದ ಮೇಲ್ಪದರದ ಸತ್ತ ಕೋಶಗಳ ಬೆಸುಗೆಯನ್ನು ಸಡಿಲಿಸಿ ರಂಧ್ರದ ಮುಚ್ಚಳ ತೆರೆಯುತ್ತದೆ. ಚರ್ಮದ ಜೊತೆ ಸೇರಿ ಅಲ್ಪಪ್ರಮಾಣದಲ್ಲಿ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರಿಂದಲೇ. ಬ್ಯಾಕ್ಟೀರಿಯಾದ ಮೇಲೂ ಸಣ್ಣ ಪೆಟ್ಟು ಕೊಡುತ್ತದೆ. ಅಮೆರಿಕದಲ್ಲಿ ಚೀಟಿಯಿಲ್ಲದೆ ಮಾರುವ ಮೊಡವೆ ಔಷಧಿಗಳಲ್ಲಿ ಗಂಧಕ ಶೇಕಡಾ 3ರಿಂದ 10ರವರೆಗೆ ಇರಬಹುದು ಎಂದು ಅಲ್ಲಿನ ಎಫ್‌ಡಿಎ ನಿಯಮ ಹೇಳುತ್ತದೆ. ಆ ಮಿತಿಯೊಳಗಿನ ಲೋಶನ್ ಅಥವಾ ಕ್ರೀಮ್ ಹುಡುಕಿ.

ನಮ್ಮಲ್ಲಿ ಸುಲಭವಾಗಿ ಕೈಗೆ ಸಿಗುವುದು ಗಂಧಕದ ಸೋಪು. ಬೆನ್ನು, ಎದೆಗೆ ಅದು ಅಡ್ಡಿಯಿಲ್ಲ. ಮುಖಕ್ಕೆ ಅಷ್ಟು ಹಿಡಿಸುವುದಿಲ್ಲ, ಸೋಪಿನ ಕ್ಷಾರವೂ ಗಂಧಕವೂ ಎರಡೂ ಒಣಗಿಸುತ್ತವೆ. ಗ್ರಂಧಿಗೆ ಅಂಗಡಿಯ ಗಂಧಕದ ಪುಡಿಯನ್ನು ನಿಂಬೆರಸದಲ್ಲಿ ಕಲಸಿ ಹಚ್ಚುವುದನ್ನು ದಯವಿಟ್ಟು ಮಾಡಬೇಡಿ, ಅದಕ್ಕೆ ಪ್ರಮಾಣವೂ ಇಲ್ಲ, ಶುದ್ಧತೆಯ ಭರವಸೆಯೂ ಇಲ್ಲ. ದ್ರಾಕ್ಷಿ ತೋಟದ ಬೂದಿರೋಗಕ್ಕೆ ಸಿಂಪಡಿಸುವ ಗಂಧಕವಂತೂ ಮುಖದ ಹತ್ತಿರವೂ ಬರಬಾರದು.

ಕೌಂಟರಿನಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಭಯ: "ನನಗೆ ಸಲ್ಫಾ ಮಾತ್ರೆ ಆಗಿಬರಲ್ಲ, ಇದನ್ನು ಹಚ್ಚಬಹುದಾ?" ಸಲ್ಫಾ ಔಷಧಿಯೇ ಬೇರೆ, ಗಂಧಕವೇ ಬೇರೆ. ಬರೀ ಗಂಧಕ ಹಚ್ಚಬಹುದು. ಆದರೆ ಕೆಲವು ಲೋಶನ್‌ಗಳಲ್ಲಿ ಗಂಧಕದ ಜೊತೆ ಸೋಡಿಯಂ ಸಲ್ಫಾಸೆಟಮೈಡ್ ಇರುತ್ತದೆ. ಅದು ಸಲ್ಫಾ, ನಿಮಗೆ ಬೇಡ.

ಕ್ರಮ ಹೀಗೆ. ಇದಕ್ಕೂ ಕೈಯಲ್ಲಿ ಏಳು ದಿನದ ಪರೀಕ್ಷೆ. ಮೊದಲ ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ತೊಳೆದು ಒರೆಸಿದ ಮುಖಕ್ಕೆ ತೆಳುವಾಗಿ ಹಚ್ಚಿ ಹತ್ತು ನಿಮಿಷಕ್ಕೆ ತೊಳೆದು ಮಾಯಿಶ್ಚರೈಸರ್ ಹಚ್ಚಿ. ಎರಡನೆಯ ವಾರ ದಿನವೂ ಹತ್ತು ನಿಮಿಷ. ಬಿಗಿತ, ಸಿಪ್ಪೆ ಇಲ್ಲದಿದ್ದರೆ ಮೂರನೆಯ ವಾರದಿಂದ ರಾತ್ರಿಯಿಡೀ ಬಿಡಿ. ಬೆಳ್ಳಿ ಸರ, ಓಲೆ ತೆಗೆದಿಡಿ, ಕಪ್ಪಾಗುತ್ತವೆ. ಹಳೆಯ ದಿಂಬಿನ ಚೀಲ ಹಾಕಿ.

ಅವಳು ಶೇಕಡಾ 5ರ ಲೋಶನ್ ಹಚ್ಚಿದಳು. ನಾಲ್ಕನೆಯ ವಾರ 27 ಇದ್ದದ್ದು 25 ಆಯಿತು, ಎಂಟಕ್ಕೆ 21, ಹನ್ನೆರಡಕ್ಕೆ 19. ಹಣೆ, ಮೂಗಿನ ಜಿಡ್ಡು ನೋಡಿದರೇ ಗೊತ್ತಾಗುವಷ್ಟು ಇಳಿದಿತ್ತು. ಆದರೆ ಕೆನ್ನೆಯ ಕೆಂಪು ಮೊಡವೆಗಳು ಇನ್ನೂ 9 ಇದ್ದವು. ನನ್ನ ಅಳತೆಗೋಲು ಇದು: ಹನ್ನೆರಡು ವಾರಕ್ಕೆ ಲೆಕ್ಕ ಅರ್ಧಕ್ಕೆ ಇಳಿದರೆ ಅದನ್ನೇ ಮುಂದುವರಿಸಿ, ಇಳಿಯದಿದ್ದರೆ ಬದಲಿಸಿ. ನಡುವೆ ಎಲ್ಲಾದರೂ ಗಂಟು ಎದ್ದರೆ, ಗುಳಿ ಕಂಡರೆ ಹನ್ನೆರಡು ವಾರವನ್ನೂ ಕಾಯಬೇಡಿ. ಅವಳದು ಮೂರರಲ್ಲೊಂದು ಪಾಲೂ ಇಳಿದಿರಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ರೂಢಿಯ ಔಷಧಿಗಳ ಪಕ್ಕ ಇಟ್ಟು ನೋಡಿದರೆ

ಡಾಕ್ಟರು ಮೊದಲು ಕೈಹಾಕುವುದು ಎರಡಕ್ಕೆ. ಒಂದು ಬೆಂಜಾಯಿಲ್ ಪೆರಾಕ್ಸೈಡ್. ಇದು ರಂಧ್ರದೊಳಗೆ ಆಮ್ಲಜನಕ ಬಿಡುಗಡೆ ಮಾಡಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳಲು ಆಗುವುದಿಲ್ಲ. ಶೇಕಡಾ 2.5, 5, 10 ಎಂದು ಸಿಗುತ್ತದೆ. 10ನ್ನೇ ಕೊಡಿ ಎಂದು ಕೇಳುವವರು ಬಹಳ, ಆದರೆ ಕೆಂಪು ಮೊಡವೆ ಇಳಿಸುವುದರಲ್ಲಿ 2.5 ಅದಕ್ಕೆ ಸರಿಸಮ, ಉರಿ ಮಾತ್ರ ಕಡಿಮೆ. ಬಟ್ಟೆಯ ಬಣ್ಣ ತೆಗೆಯುತ್ತದೆ, ಬಿಳಿ ಟವೆಲ್ ಇಟ್ಟುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಟ್ಯೂಬ್ ಬಿಡಬೇಡಿ, ಹೆಚ್ಚು ಬಿಸಿಗೆ ಅದು ಒಡೆದು ಬೆಂಜೀನ್ ಹುಟ್ಟುತ್ತದೆ.

ಇನ್ನೊಂದು ಅಡಾಪಲೀನ್, ಶೇಕಡಾ 0.1ರ ಜೆಲ್. ಇದು ರಂಧ್ರ ಮುಚ್ಚಿಕೊಳ್ಳುವುದನ್ನೇ ತಡೆಯುತ್ತದೆ. ಗಂಧಕವೂ ಟೀ ಟ್ರೀಯೂ ಸೋಲುವುದು ಇಲ್ಲೇ: ಅವು ಎದ್ದ ಮೊಡವೆಯನ್ನು ಒಂದಿಷ್ಟು ಇಳಿಸುತ್ತವೆ, ಕಣ್ಣಿಗೆ ಕಾಣದೆ ಒಳಗೆ ತಯಾರಾಗುತ್ತಿರುವ ಮುಂದಿನ ಮೊಡವೆಯನ್ನು ಅಡಾಪಲೀನ್‌ನಷ್ಟು ತಡೆಯಲಾರವು. ಬಸುರಿಯರು, ಬಸುರಾಗಲು ಯೋಚಿಸುತ್ತಿರುವವರು ಅಡಾಪಲೀನ್ ಹಚ್ಚಬಾರದು. ಅವರಿಗೆ ಡಾಕ್ಟರು ಅಜೆಲಾಯಿಕ್ ಆಸಿಡ್‌ನಂಥದ್ದು ಕೊಡುತ್ತಾರೆ.

ಸಾಕ್ಷ್ಯದ ತೂಕದಲ್ಲೂ ಅಂತರ ದೊಡ್ಡದು. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರ ಮಾರ್ಗಸೂಚಿಯಲ್ಲಿ ಬೆಂಜಾಯಿಲ್ ಪೆರಾಕ್ಸೈಡನ್ನೂ ಅಡಾಪಲೀನ್ ಜಾತಿಯ ಔಷಧಿಗಳನ್ನೂ ಗಟ್ಟಿಯಾಗಿ ಶಿಫಾರಸು ಮಾಡಿದೆ. ಗಂಧಕದ ಬಗ್ಗೆ ಅದೇ ಅಕಾಡೆಮಿ 2016ರಲ್ಲಿ ಹೇಳಿದ್ದು ಇಷ್ಟೇ: ಮಾಹಿತಿ ಸೀಮಿತ. ಟೀ ಟ್ರೀಗೆ ನಾನು ಮೇಲೆ ಹೇಳಿದಂಥ ಚಿಕ್ಕ ಅಧ್ಯಯನಗಳಿವೆ, ಭರವಸೆ ಮೂಡಿಸುವಂಥವು, ಆದರೆ ಚಿಕ್ಕವು. ಹಾಗಿದ್ದರೂ ಅವಕ್ಕೆ ಜಾಗವಿದೆ ಎಂದೇ ನನ್ನ ಅಭಿಪ್ರಾಯ. ಹತ್ತು ಹದಿನೈದು ಮೊಡವೆ ಇರುವವರು, ಬೆಂಜಾಯಿಲ್ ಪೆರಾಕ್ಸೈಡ್ ತಾಳದವರು ಇವನ್ನು ಹಚ್ಚಿ ನೋಡಬಹುದು. ಕ್ಲಿಂಡಾಮೈಸಿನ್ ಜೆಲ್ ಒಂದನ್ನೇ ತಾವಾಗಿಯೇ ತಿಂಗಳುಗಟ್ಟಲೆ ಹಚ್ಚುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಆ ಆ್ಯಂಟಿಬಯಾಟಿಕ್ ಒಂಟಿಯಾಗಿ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಒಂದು ತಪ್ಪು ಮಾತ್ರ ಎಲ್ಲರೂ ಮಾಡುತ್ತಾರೆ: ಎಲ್ಲವನ್ನೂ ಒಟ್ಟಿಗೆ. ರಾತ್ರಿ ಗಂಧಕ, ಅದರ ಮೇಲೆ ಅಡಾಪಲೀನ್, ಬೆಳಗ್ಗೆ ಬೆಂಜಾಯಿಲ್ ಪೆರಾಕ್ಸೈಡ್, ನಡುವೆ ಟೀ ಟ್ರೀ ಫೇಸ್‌ವಾಶ್. ನಮ್ಮ ಮೈಬಣ್ಣದ ಚರ್ಮ ಕೆರಳಿದರೆ ಕೆರಳಿದಲ್ಲೆಲ್ಲ ಕಪ್ಪು ಕಲೆ ಬಿಡುತ್ತದೆ, ಮೊಡವೆಯೇ ಇಲ್ಲದ ಜಾಗದಲ್ಲೂ. ಹೊಸದು ಶುರುಮಾಡುವಾಗ ಹಳೆಯದು ನಿಲ್ಲಲಿ.

ಡಾಕ್ಟರು ಅವಳಿಗೆ ಬೆಳಗ್ಗೆ ಶೇಕಡಾ 2.5ರ ಬೆಂಜಾಯಿಲ್ ಪೆರಾಕ್ಸೈಡ್, ರಾತ್ರಿ ಅಡಾಪಲೀನ್ ಬರೆದರು. ಗಂಧಕ ನಿಲ್ಲಿಸಿದೆವು. ಅಡಾಪಲೀನ್ ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ, ಮಾಯಿಶ್ಚರೈಸರ್ ಮೇಲೆ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಆಮೇಲೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ತಿಂಗಳ ಮೇಲೆ ದಿನವೂ. ಮೂರನೆಯ ವಾರ 19 ಇದ್ದದ್ದು 22ಕ್ಕೆ ಏರಿತು. "ಮಾವ, ಇದಕ್ಕಿಂತ ಗಂಧಕಾನೇ ಚೆನ್ನಾಗಿತ್ತು" ಎಂದು ಫೋನಿನಲ್ಲಿ ಅತ್ತಳು. ಅಡಾಪಲೀನ್ ಶುರುಮಾಡಿದ ಮೊದಲ ವಾರಗಳಲ್ಲಿ ಹೀಗೆ ಏರುವುದುಂಟು, ಬಹಳ ಜನ ಬಿಟ್ಟುಬಿಡುವುದೂ ಅಲ್ಲೇ. ಉರಿ, ಊತ ಇಲ್ಲವೆಂದು ಫೋಟೋ ನೋಡಿ ಖಚಿತಮಾಡಿಕೊಂಡು, ಮುಂದುವರಿಸು ಎಂದೆ. ಎಂಟನೆಯ ವಾರ 13, ಹನ್ನೆರಡನೆಯ ವಾರ 8. ಅದರಲ್ಲಿ ಕೆಂಪಗಿದ್ದವು ಮೂರೇ.

ಈಗ ಅಡಾಪಲೀನ್ ಮುಂದುವರಿದಿದೆ, ಬೆಂಜಾಯಿಲ್ ಪೆರಾಕ್ಸೈಡನ್ನು ಡಾಕ್ಟರು ವಾರಕ್ಕೆ ಮೂರು ಬೆಳಗ್ಗೆಗೆ ಇಳಿಸಿದ್ದಾರೆ. ಉಳಿದ ಗಂಧಕದ ಲೋಶನ್ ಅನ್ನು, ಅವರನ್ನೇ ಕೇಳಿಕೊಂಡು, ಮುಟ್ಟಿಗೆ ಮುಂಚಿನ ವಾರ ಬೆನ್ನಿನ ಮೇಲೇಳುವ ಗುಳ್ಳೆಗಳಿಗೆ ಹತ್ತು ನಿಮಿಷ ಹಚ್ಚಿ ಸ್ನಾನ ಮಾಡುತ್ತಾಳೆ. ಬೆನ್ನಿಗೆ ಅದು ಚೆನ್ನಾಗಿ ಹಿಡಿಸಿದೆ. ಟೀ ಟ್ರೀ ಅಲರ್ಜಿಯನ್ನು ಅವಳ ಚೀಟಿಯ ಮೇಲೆ ಬರೆಸಿದ್ದೇವೆ. ಶಾಂಪೂ ಕೊಳ್ಳುವಾಗಲೂ ಸೀಸೆ ತಿರುಗಿಸಿ ಹಿಂಬದಿ ಓದುತ್ತಾಳೆ.